ಎರಡು ದಾಲ್ ಮಿಲ್‌ಗಳ ಪ್ರತಿಫಲ ಕೋಷ್ಟಕ: ಒಬ್ಬರಿಗೆ ಮಾತ್ರ ಪ್ರಬಲ ತಂತ್ರವಿದ್ದರೆ ಸಮತೋಲನ ಹುಡುಕುವುದು ಹೇಗೆ?

ಸೇಡಂ ರಸ್ತೆ

ಎಲ್ಲರಿಗೂ ನಮಸ್ಕಾರ. ಕೆ-ಸೆಟ್ ಅರ್ಥಶಾಸ್ತ್ರಕ್ಕೆ ಓದುತ್ತಿದ್ದೇನೆ. ಅಭ್ಯಾಸ ಪತ್ರಿಕೆಯ ಒಂದು ಪ್ರಶ್ನೆಗೆ ನಮ್ಮ ಕೋಣೆಯ ಮೂವರಿಗೆ ಮೂರು ಉತ್ತರ ಬಂದಿದೆ, ನಿನ್ನೆ ರಾತ್ರಿಯಿಂದ ವಾದ ನಿಂತಿಲ್ಲ. ಪ್ರಶ್ನೆ ಹೀಗಿದೆ. ಕಲಬುರಗಿಯಲ್ಲಿ ಎ ಮತ್ತು ಬಿ ಎಂಬ ಎರಡು ದಾಲ್ ಮಿಲ್‌ಗಳಿವೆ. ಈ ಹಂಗಾಮಿಗೆ ತೊಗರಿ ಬೇಳೆಯ ದರವನ್ನು ಹೆಚ್ಚು ಇಡಬೇಕೋ ಕಡಿಮೆ ಇಡಬೇಕೋ ಎಂಬುದನ್ನು ಎರಡೂ ಏಕಕಾಲದಲ್ಲಿ, ಒಂದೇ ಬಾರಿಗೆ ನಿರ್ಧರಿಸುತ್ತವೆ. ಲಾಭ ಲಕ್ಷ ರೂಪಾಯಿಗಳಲ್ಲಿದೆ. ಪ್ರತಿ ಜೋಡಿಯಲ್ಲಿ ಮೊದಲ ಸಂಖ್ಯೆ ಎ ಮಿಲ್‌ನದು, ಎರಡನೆಯದು ಬಿ ಮಿಲ್‌ನದು.

| | ಬಿ: ಹೆಚ್ಚು ದರ | ಬಿ: ಕಡಿಮೆ ದರ |
|---|---|---|
| ಎ: ಹೆಚ್ಚು ದರ | 12, 6 | 3, 8 |
| ಎ: ಕಡಿಮೆ ದರ | 9, 2 | 5, 4 |

ಯಾರಿಗೆ ಪ್ರಬಲ ತಂತ್ರವಿದೆ, ಸಮತೋಲನ ಯಾವುದು ಎಂದು ಕೇಳಿದ್ದಾರೆ. ಒಬ್ಬ ಗೆಳೆಯ ಪ್ರತಿ ಮನೆಯ ಎರಡೂ ಸಂಖ್ಯೆಗಳನ್ನು ಕೂಡಿಸಿ, 18 ಬರುವ ಮೊದಲ ಮನೆಯೇ ಸಮತೋಲನ ಎನ್ನುತ್ತಾನೆ. ಇನ್ನೊಬ್ಬ ಎ ಮಿಲ್‌ಗೆ ಪ್ರಬಲ ತಂತ್ರವಿದೆ ಎನ್ನುತ್ತಾನೆ. ಮೊದಲ ಸಾಲಿನಲ್ಲಿ 3ಕ್ಕಿಂತ 12 ದೊಡ್ಡದು, ಎರಡನೆಯ ಸಾಲಿನಲ್ಲಿ 5ಕ್ಕಿಂತ 9 ದೊಡ್ಡದು ಎಂಬುದು ಅವನ ಲೆಕ್ಕ. ನನಗೆ ಬಿ ಮಿಲ್‌ಗೆ ಮಾತ್ರ ಪ್ರಬಲ ತಂತ್ರ ಕಾಣುತ್ತಿದೆ, ಆದರೆ ಅಲ್ಲಿಂದ ಮುಂದೆ ದಾರಿ ಹೊಳೆಯುತ್ತಿಲ್ಲ. ತಿಳಿದವರು ಹೇಳಿ.

ಗುಂಬಜ್

ನಿಮ್ಮ ಲೆಕ್ಕ ಸರಿಯಾಗಿದೆ ತಮ್ಮಾ. ಎ ಹೆಚ್ಚು ದರ ಇಟ್ಟರೆ ಬಿಗೆ 6 ಅಥವಾ 8, ಕಡಿಮೆ ಇಟ್ಟರೆ 2 ಅಥವಾ 4. ಎರಡು ಸಲವೂ ಕಡಿಮೆ ದರವೇ ಮೇಲು, ಆದ್ದರಿಂದ ಬಿಗೆ ಅದು ಪ್ರಬಲ ತಂತ್ರ. ಆದರೆ ಎಗೆ ಅಂಥದ್ದು ಇಲ್ಲ. ಇಬ್ಬರಿಗೂ ಪ್ರಬಲ ತಂತ್ರವಿದ್ದಾಗ ಮಾತ್ರ ಸಮತೋಲನ ಇರುತ್ತದೆ. ಹಾಗಾಗಿ ಈ ಆಟಕ್ಕೆ ಸಮತೋಲನವಿಲ್ಲ. ಆಯ್ಕೆಗಳಲ್ಲಿ 'ಯಾವುದೂ ಅಲ್ಲ' ಎಂಬುದಿದ್ದರೆ ಅದನ್ನೇ ಗುರುತು ಮಾಡಿ.

ಮಾಂಜ್ರಾ ತೀರ

ಗುಂಬಜ್ ಅವರ ಮೊದಲ ಅರ್ಧ ಸರಿ, ಎರಡನೆಯ ಅರ್ಧ ತಪ್ಪು. ನಾನು ಬೀದರಿನಲ್ಲಿ ಪದವಿ ತರಗತಿಗಳಿಗೆ ಈ ಪಾಠ ಮಾಡುತ್ತೇನೆ, ಪ್ರತಿ ವರ್ಷವೂ ಉತ್ತರ ಪತ್ರಿಕೆಗಳಲ್ಲಿ ಈ ಮೂರೂ ಉತ್ತರಗಳು ಬರುತ್ತವೆ. ಆದ್ದರಿಂದ ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಎರಡನೆಯ ಗೆಳೆಯರ ಲೆಕ್ಕ. ಎ ಮಿಲ್ ಆರಿಸುವುದು ಅಡ್ಡಸಾಲನ್ನು. ಕಂಬಸಾಲನ್ನು ಆರಿಸುವವರು ಬಿ. ಒಂದೇ ಅಡ್ಡಸಾಲಿನ 12 ಮತ್ತು 3ನ್ನು ಹೋಲಿಸಿದಾಗ, ಬಿ ಏನು ಮಾಡಿದರೆ ನನಗೆ ಒಳ್ಳೆಯದು ಎಂದು ಎ ಕೇಳಿಕೊಂಡಂತಾಯಿತು. ಆ ಆಯ್ಕೆ ಎ ಕೈಯಲ್ಲಿಲ್ಲ. ತಪ್ಪು ದಿಕ್ಕಿನಲ್ಲಿ ಹೋಲಿಸಿದ್ದನ್ನು ಕಂಡುಹಿಡಿಯಲು ಒಂದು ಗುರುತಿದೆ: ಅವರ ಲೆಕ್ಕದ ಫಲಿತಾಂಶವನ್ನು ಪೂರ್ತಿ ವಾಕ್ಯದಲ್ಲಿ ಬರೆಯಲು ಹೇಳಿ. 'ಬಿ ಹೆಚ್ಚು ದರ ಇಟ್ಟರೆ ಎಗೆ ಯಾವಾಗಲೂ ಲಾಭ' ಎಂದು ಬರುತ್ತದೆ. ಎ ಏನು ಮಾಡಬೇಕು ಎಂಬುದೇ ಆ ವಾಕ್ಯದಲ್ಲಿ ಇರುವುದಿಲ್ಲ.

ಸರಿಯಾದ ಕ್ರಮ ಹೀಗೆ. ಬಿಯ 'ಹೆಚ್ಚು' ಕಂಬಸಾಲನ್ನು ಮಾತ್ರ ಉಳಿಸಿ, ಇನ್ನೊಂದನ್ನು ಕೈಯಿಂದ ಮುಚ್ಚಿ. ಎಯ ಸಂಖ್ಯೆಗಳು 12 ಮತ್ತು 9. ಹನ್ನೆರಡರ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಈಗ 'ಕಡಿಮೆ' ಕಂಬಸಾಲು: 3 ಮತ್ತು 5. ಐದರ ಕೆಳಗೆ ಗೆರೆ. ಒಂದು ಗೆರೆ ಮೇಲಿನ ಸಾಲಿನಲ್ಲಿ, ಇನ್ನೊಂದು ಕೆಳಗಿನ ಸಾಲಿನಲ್ಲಿ ಬಿದ್ದಿರುವುದರಿಂದ ಎಗೆ ಪ್ರಬಲ ತಂತ್ರವಿಲ್ಲ. ಬಿಗೆ ಇದನ್ನೇ ಅಡ್ಡಸಾಲಿನಲ್ಲಿ ಮಾಡಿ: ಮೇಲಿನ ಸಾಲಿನಲ್ಲಿ ಎಂಟಕ್ಕೆ, ಕೆಳಗಿನ ಸಾಲಿನಲ್ಲಿ ನಾಲ್ಕಕ್ಕೆ ಗೆರೆ. ಎರಡೂ ಒಂದೇ ಕಂಬಸಾಲಿನಲ್ಲಿವೆ, ಅದೇ ಪ್ರಬಲ ತಂತ್ರ. ಈಗ ಕೋಷ್ಟಕವನ್ನು ಮತ್ತೆ ನೋಡಿ: ಎರಡೂ ಸಂಖ್ಯೆಗಳ ಕೆಳಗೆ ಗೆರೆ ಇರುವ ಮನೆ ಒಂದೇ, ಅದು 5, 4. ಎರಡೂ ಮಿಲ್‌ಗಳು ಕಡಿಮೆ ದರ ಇಡುವ ಆ ಮನೆಯೇ ನ್ಯಾಶ್ ಸಮತೋಲನ.

ಸಮತೋಲನಕ್ಕೆ ಪ್ರಬಲ ತಂತ್ರ ಬೇಕೇ ಬೇಕು ಎಂಬ ನಿಯಮವಿಲ್ಲ. ಅಲ್ಲಿಂದ ಒಬ್ಬರೇ ಕದಲಿದರೆ ಕದಲಿದವರಿಗೆ ಲಾಭವಾಗಬಾರದು, ಅಷ್ಟೇ. 5, 4ರಿಂದ ಎ ಕದಲಿದರೆ 3, ಬಿ ಕದಲಿದರೆ 2. ಇಬ್ಬರಿಗೂ ನಷ್ಟ. ಮೊದಲ ಗೆಳೆಯರ 12, 6ರಿಂದ ಬಿ ಕದಲಿದರೆ 6ರ ಬದಲು 8 ಸಿಗುತ್ತದೆ, ಆದ್ದರಿಂದ ಆ ಮನೆ ನಿಲ್ಲುವುದಿಲ್ಲ. ಎರಡೂ ಮಿಲ್‌ಗಳ ಲಾಭವನ್ನು ಕೂಡಿಸಿ ಜೇಬಿಗೆ ಹಾಕಿಕೊಳ್ಳುವವರು ಈ ಆಟದಲ್ಲಿ ಯಾರೂ ಇಲ್ಲ, ಹಾಗಾಗಿ 18ಕ್ಕೆ ಇಲ್ಲಿ ಕೆಲಸವಿಲ್ಲ.

ಸೇಡಂ ರಸ್ತೆ

ಮೇಡಂ, ತುಂಬಾ ಧನ್ಯವಾದ. ಗೆರೆ ಎಳೆದು ನೋಡಿದೆವು, ಮೂವರಿಗೂ 5, 4 ಬಂತು. ಒಂದು ಸಂಶಯ ಉಳಿದಿದೆ. ಎಗೆ ಪ್ರಬಲ ತಂತ್ರವಿಲ್ಲ ಎಂದ ಮೇಲೆ ಅದು ಕಡಿಮೆ ದರವನ್ನೇ ಇಡುತ್ತದೆ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೇವೆ? ಏಕಕಾಲದ ಆಟದಲ್ಲಿ ಬಿಯ ನಿರ್ಧಾರ ಅದಕ್ಕೆ ಗೊತ್ತೇ ಇರುವುದಿಲ್ಲವಲ್ಲ.

ಮಾಂಜ್ರಾ ತೀರ

ನಿರ್ಧಾರ ಗೊತ್ತಿರುವುದಿಲ್ಲ, ಕೋಷ್ಟಕ ಗೊತ್ತಿರುತ್ತದೆ. ಬಿಯ ಜಾಗದಲ್ಲಿ ಕುಳಿತು ನೋಡಿದರೆ ಅದು ಕಡಿಮೆ ದರ ಬಿಟ್ಟು ಬೇರೆ ಇಡುವುದಿಲ್ಲ ಎಂದು ಎಗೆ ತಿಳಿಯುತ್ತದೆ. ಹಾಗಾಗಿ 'ಹೆಚ್ಚು' ಎಂಬ ಕಂಬಸಾಲನ್ನೇ ಹೊಡೆದುಹಾಕಿ, ಉಳಿದ 3 ಮತ್ತು 5ರಲ್ಲಿ ಎ ಐದನ್ನು ಆರಿಸುತ್ತದೆ.

ಆದರೆ ಇಬ್ಬರ ಪರಿಸ್ಥಿತಿ ಒಂದೇ ಅಲ್ಲ ಎಂಬುದನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ. ಬಿಗೆ ಎಯ ಲಾಭದ ಸಂಖ್ಯೆಗಳು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಎ ಮಾತ್ರ ಬಿಯ ಸಂಖ್ಯೆಗಳನ್ನು ತಿಳಿದಿರಬೇಕು, ಬಿ ತನ್ನ ಲಾಭವನ್ನೇ ನೋಡುತ್ತದೆ ಎಂಬ ನಂಬಿಕೆಯೂ ಇರಬೇಕು. ಎಷ್ಟು ನಂಬಿಕೆ ಬೇಕು ಎಂಬುದನ್ನೂ ಲೆಕ್ಕ ಹಾಕಬಹುದು. ಬಿ ಹೆಚ್ಚು ದರ ಇಡುವ ಸಂಭವನೀಯತೆ p ಎಂದುಕೊಳ್ಳಿ. ಎ ಹೆಚ್ಚು ದರ ಇಟ್ಟರೆ ನಿರೀಕ್ಷಿತ ಲಾಭ 12p + 3(1 − p), ಅಂದರೆ 3 + 9p. ಕಡಿಮೆ ಇಟ್ಟರೆ 9p + 5(1 − p), ಅಂದರೆ 5 + 4p. p 0.4ನ್ನು ದಾಟಿದರೆ ಹೆಚ್ಚು ದರವೇ ಎಗೆ ಮೇಲಾಗುತ್ತದೆ. ಬಿ ಲೆಕ್ಕ ತಪ್ಪುವ ಸಾಧ್ಯತೆ ಶೇಕಡಾ 40ಕ್ಕಿಂತ ಕಡಿಮೆ ಎಂಬ ನಂಬಿಕೆ ಇರುವವರೆಗೆ ಎ ಕಡಿಮೆ ದರದಲ್ಲೇ ನಿಲ್ಲುತ್ತದೆ.

ಶಹಾಪುರ ಓದುಗಿ

ನನ್ನದೂ ಇಂಥದ್ದೇ ತೊಡಕು ಮೇಡಂ. ನಾನು ಯಾದಗಿರಿಯಲ್ಲಿ ಬರೆದ ಒಂದು ಕಿರುಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಇದೇ ಕೋಷ್ಟಕವಿತ್ತು, ಆದರೆ 3, 8 ಇರುವ ಮನೆಯಲ್ಲಿ 5, 8 ಇತ್ತು. ಆಗ ಎ ಮಿಲ್‌ಗೆ ಮೇಲಿನ ಸಾಲು ಒಂದು ಕಡೆ ಮೇಲು, ಇನ್ನೊಂದು ಕಡೆ ಸಮ. ಮೇಲಿನ ಸಾಲು ಪ್ರಬಲ ಎಂದು ಕೆಳಗಿನ ಸಾಲನ್ನು ಹೊಡೆದುಹಾಕಿ 5, 8 ಒಂದೇ ಉತ್ತರ ಎಂದು ಬರೆದೆ. ಅರ್ಧ ಅಂಕ ಕೊಟ್ಟಿದ್ದಾರೆ, ಕಾರಣ ಬರೆದಿಲ್ಲ.

ಮಾಂಜ್ರಾ ತೀರ

ಕಾರಣವಿದೆ. ನಿಮ್ಮ ಕೋಷ್ಟಕಕ್ಕೆ ಗೆರೆ ಎಳೆದು ಎಣಿಸಿ. ಎರಡು ಸಾಲು, ಎರಡು ಕಂಬಸಾಲಿನ ಕೋಷ್ಟಕದಲ್ಲಿ ಸಮ ಇಲ್ಲದಿದ್ದರೆ ಯಾವಾಗಲೂ ನಾಲ್ಕೇ ಗೆರೆಗಳು ಬೀಳುತ್ತವೆ. ಮೂರು ಬಿದ್ದರೆ ಒಂದನ್ನು ಮರೆತಿದ್ದೀರಿ. ಐದು ಬಿದ್ದರೆ ಎಲ್ಲೋ ಸಮ ಇದೆ. ನಿಮ್ಮಲ್ಲಿ ಐದು ಬೀಳುತ್ತವೆ: 12, ಎರಡೂ 5, ಜೊತೆಗೆ ಬಿಯ 8 ಮತ್ತು 4. ಎರಡು ಗೆರೆಗಳಿರುವ ಮನೆಗಳು ಎರಡು, 5, 8 ಮತ್ತು 5, 4. ಎರಡೂ ಸಮತೋಲನಗಳೇ. ಬಿ ಕಡಿಮೆ ದರ ಇಟ್ಟಿರುವಾಗ ಎ ಎರಡು ಸಾಲುಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಿದರೂ ಅದಕ್ಕೆ 5 ಸಿಗುತ್ತದೆ, ಆದ್ದರಿಂದ ಮಿಶ್ರ ತಂತ್ರಗಳನ್ನು ಸೇರಿಸಿದರೆ ಸಮತೋಲನಗಳಿಗೆ ಲೆಕ್ಕವೇ ಇಲ್ಲ.

ಮೇಲಿನ ಸಾಲು ಎಗೆ ಪ್ರಬಲ ಎಂದಿರಿ, ಅದು ದುರ್ಬಲ ಅರ್ಥದಲ್ಲಿ ಮಾತ್ರ ನಿಜ. ಖಡಾಖಂಡಿತವಾಗಿ ಕೀಳಾದ ಸಾಲನ್ನು ಹೊಡೆದರೆ ಯಾವ ಸಮತೋಲನವೂ ಕಳೆದುಹೋಗುವುದಿಲ್ಲ. ಸಮ ಇರುವ ಸಾಲನ್ನು ಹೊಡೆದರೆ ಕಳೆದುಹೋಗಬಹುದು, ನಿಮ್ಮ ಉತ್ತರದಲ್ಲಿ ಕಳೆದದ್ದು 5, 4. ಹಾಗಾಗಿ ಸಮ ಸಂಖ್ಯೆ ಕಂಡ ಕೂಡಲೇ ಹೊಡೆಯುವುದನ್ನು ನಿಲ್ಲಿಸಿ, ಗೆರೆಗಳ ಕ್ರಮಕ್ಕೆ ಬನ್ನಿ.

ಗಂಜ್ ವ್ಯಾಪಾರಿ

ನಾನು ಅರ್ಥಶಾಸ್ತ್ರ ಓದಿದವನಲ್ಲ. ಕಲಬುರಗಿ ಗಂಜ್‌ನಲ್ಲಿ ಅಡತಿ ಅಂಗಡಿ ಇದೆ, ದಾಲ್ ಮಿಲ್‌ಗಳ ಜೊತೆ ದಿನದ ವ್ಯವಹಾರ. ಪ್ರಶ್ನೆ ಕೇಳಿದ ತಮ್ಮನಿಗೆ ಹೇಳುವುದೇನೆಂದರೆ, ಈ ಹಂಗಾಮಿಗೆ ದರ ಕಡಿಮೆ ಇಡಲು ಹೋಗಬೇಡಿ. ಮಾಲಿನ ತೇವಾಂಶ ನೋಡಿ, ಕಾಳಿನ ಗಾತ್ರ ನೋಡಿ, ಬೇಳೆ ಎಷ್ಟು ಇಳುವರಿ ಬರುತ್ತದೆ ನೋಡಿ, ಆಮೇಲೆ ದರ ಹೇಳಿ. ನಮ್ಮ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಬಂದಿದೆ, ಅದನ್ನು ಅಗ್ಗಕ್ಕೆ ಮಾರಬಾರದು. ಅಷ್ಟಕ್ಕೂ ಇಬ್ಬರೇ ಮಿಲ್‌ನವರು ಇದ್ದರೆ ಚಹಾ ಕುಡಿಯುತ್ತಾ ಮಾತಾಡಿಕೊಂಡು ಇಬ್ಬರೂ ಹೆಚ್ಚು ದರ ಇಟ್ಟರೆ 12 ಮತ್ತು 6 ಸಿಗುತ್ತದಲ್ಲ?

ಸೇಡಂ ರಸ್ತೆ

ಅಣ್ಣಾ, ನನಗೆ ಮಿಲ್ ಇಲ್ಲ, ಇದು ಪರೀಕ್ಷೆಯ ಪ್ರಶ್ನೆ. ಆದರೆ ಮಾತಾಡಿಕೊಂಡರೆ ಏನಾಗುತ್ತದೆ ಎಂದು ನನಗೂ ತಿಳಿಯಬೇಕಿದೆ.

ಚಿತ್ತಾಪುರ ಲಾ

ಮಾತಾಡಿಕೊಂಡು ದರ ಕಟ್ಟುವುದನ್ನು 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸುತ್ತದೆ, ಅಂಥ ಒಪ್ಪಂದ ಅನೂರ್ಜಿತ. ಅಂದರೆ ಬಿ ಮಾತು ಮುರಿದರೆ ಎ ನ್ಯಾಯಾಲಯಕ್ಕೆ ಹೋಗುವಂತಿಲ್ಲ.

ಮಾಂಜ್ರಾ ತೀರ

ಕಾಯ್ದೆಯ ಈ ಮಾತು ಕೋಷ್ಟಕಕ್ಕೂ ಹೊಂದುತ್ತದೆ. ಚಹಾ ಕುಡಿದು ಹೊರಬಂದ ಮೇಲೂ ಬಿಯ ಮುಂದೆ ಅದೇ 6 ಮತ್ತು 8 ಇವೆ. ಮಾತು ಮುರಿದರೆ ದಂಡ ಬೀಳುವಂತಿದ್ದರೆ ಆ 8 ಕಡಿಮೆಯಾಗುತ್ತಿತ್ತು, ಕೋಷ್ಟಕವೇ ಬದಲಾಗುತ್ತಿತ್ತು. ದಂಡವಿಲ್ಲದ ಮಾತು ಒಂದು ಸಂಖ್ಯೆಯನ್ನೂ ಬದಲಾಯಿಸುವುದಿಲ್ಲ.

ಗಂಜ್ ವ್ಯಾಪಾರಿ

ಕಾನೂನಿನ ವಿಷಯ ಒಪ್ಪಿದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ನಮ್ಮ ಕಡೆಯ ರೂಢಿಗೆ ಹೊಂದುವುದಿಲ್ಲ ಮೇಡಂ. ಇಬ್ಬರೂ ಏಕಕಾಲಕ್ಕೆ ದರ ಹೇಳುವುದು ಎಲ್ಲಿದೆ? ಬೆಳಿಗ್ಗೆ ಒಂದು ಮಿಲ್‌ನವರು ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದರ ಬರೆಯುತ್ತಾರೆ. ಆ ಕಡೆಯ ಮಿಲ್‌ನ ಹುಡುಗ ಬಂದು ನೋಡಿ ಹೋಗುತ್ತಾನೆ. ಆಮೇಲೆ ಅವರ ಹಲಗೆಯ ಮೇಲೆ ದರ ಬೀಳುತ್ತದೆ.

ಗುಂಬಜ್

ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಬಿಗೆ ಕಡಿಮೆ ದರ ಪ್ರಬಲ ತಂತ್ರ. ಮೊದಲು ಬರೆದರೂ ಅದೇ, ಆಮೇಲೆ ಬರೆದರೂ ಅದೇ. ಎದುರಿನವರು ಏನೇ ಮಾಡಲಿ ಅದೇ ಮೇಲು ಎಂಬುದೇ ಪ್ರಬಲ ತಂತ್ರದ ಅರ್ಥ.

ಮಾಂಜ್ರಾ ತೀರ

ವ್ಯಾಪಾರಿಯವರು ಹೇಳಿದ ಈ ಒಂದು ಸಂಗತಿಯಿಂದ ಉತ್ತರವೇ ತಿರುಗಿಬಿಡುತ್ತದೆ. ಗುಂಬಜ್ ಅವರೇ, ದಯವಿಟ್ಟು ಲೆಕ್ಕ ಹಾಕಿ ನೋಡಿ.

ಬಿ ಮೊದಲು ಬರೆಯುತ್ತದೆ, ಎ ಅದನ್ನು ನೋಡಿ ಬರೆಯುತ್ತದೆ ಎಂದುಕೊಳ್ಳಿ. ಬಿ 'ಕಡಿಮೆ' ಬರೆದರೆ ಎ ಮುಂದೆ 3 ಮತ್ತು 5 ಇವೆ, ಎ ಕಡಿಮೆ ಇಡುತ್ತದೆ, ಬಿಗೆ 4. ಬಿ 'ಹೆಚ್ಚು' ಬರೆದರೆ ಎ ಮುಂದೆ 12 ಮತ್ತು 9 ಇವೆ, ಎ ಹೆಚ್ಚು ಇಡುತ್ತದೆ, ಬಿಗೆ 6. ಬಿ ಈಗ ಆರಿಸಬೇಕಾಗಿರುವುದು 4 ಮತ್ತು 6ರ ನಡುವೆ. ಅದು ಹೆಚ್ಚು ದರ ಬರೆಯುತ್ತದೆ. ಇಬ್ಬರೂ 12, 6ಕ್ಕೆ ತಲುಪುತ್ತಾರೆ, ಯಾರೊಡನೆಯೂ ಮಾತಾಡಿಕೊಳ್ಳದೆ.

ಏಕಕಾಲದ ಆಟದಲ್ಲಿ ಬಿ 6 ಮತ್ತು 8ನ್ನು ಹೋಲಿಸುತ್ತಿತ್ತು, ಏಕೆಂದರೆ ಅಲ್ಲಿ ಎಯ ಸಾಲು ಬಿಯ ಆಯ್ಕೆಗೆ ತಕ್ಕಂತೆ ಸರಿಯುವುದಿಲ್ಲ. ಇಲ್ಲಿ ಸರಿಯುತ್ತದೆ. ಬಿ ಕಡಿಮೆ ಬರೆದ ಕೂಡಲೇ ಎ ಕೆಳಗಿನ ಸಾಲಿಗೆ ಇಳಿಯುವುದರಿಂದ ಆ 8 ಬಿಗೆ ಸಿಗುವುದೇ ಇಲ್ಲ. 'ಎದುರಿನವರು ಏನೇ ಮಾಡಲಿ' ಎಂಬ ಮಾತಿನ ಅರ್ಥ ಈ ಆಟದಲ್ಲಿ ಹಿಗ್ಗುತ್ತದೆ. ಎಗೆ ಈಗ ನಾಲ್ಕು ತಂತ್ರಗಳಿವೆ: ಯಾವಾಗಲೂ ಹೆಚ್ಚು, ಯಾವಾಗಲೂ ಕಡಿಮೆ, ಬಿ ಬರೆದದ್ದನ್ನೇ ಬರೆಯುವುದು, ಬಿ ಬರೆದದ್ದಕ್ಕೆ ವಿರುದ್ಧ ಬರೆಯುವುದು. ಎ ಮೂರನೆಯದನ್ನು ಅನುಸರಿಸಿದರೆ ಬಿಗೆ ಹೆಚ್ಚು ದರವೇ ಮೇಲು. ಆದ್ದರಿಂದ ಈ ದೊಡ್ಡ ಕೋಷ್ಟಕದಲ್ಲಿ ಕಡಿಮೆ ದರ ಬಿಗೆ ಪ್ರಬಲ ತಂತ್ರವಾಗಿ ಉಳಿದಿಲ್ಲ.

ಮೊದಲು ನಡೆಯುವವರು, ನೋಡಿ ನಡೆಯುವವರು ಎಂಬ ಈ ವಿಂಗಡಣೆಯನ್ನು ಜರ್ಮನ್ ಅರ್ಥಶಾಸ್ತ್ರಜ್ಞ ಸ್ಟಾಕೆಲ್‌ಬರ್ಗ್ 1934ರಲ್ಲೇ ಇಬ್ಬರು ಮಾರಾಟಗಾರರ ಮಾರುಕಟ್ಟೆಗೆ ಅನ್ವಯಿಸಿದ್ದರು.

ಗುಂಬಜ್

ಆ ನಾಲ್ಕು ತಂತ್ರಗಳ ಕೋಷ್ಟಕವನ್ನು ನಾನೂ ಬರೆದೆ ಮೇಡಂ. ಹೆಚ್ಚು ದರ ಮತ್ತು 'ಬರೆದದ್ದನ್ನೇ ಬರೆಯುವುದು' ಎಂಬುದು ಸಮತೋಲನ, ಒಪ್ಪಿದೆ. ಆದರೆ ಎ 'ಯಾವಾಗಲೂ ಕಡಿಮೆ' ಎಂದು ಹಟ ಹಿಡಿದರೆ ಬಿಗೆ ಹೆಚ್ಚಿನಲ್ಲಿ 2, ಕಡಿಮೆಯಲ್ಲಿ 4. ಬಿ ಕಡಿಮೆ ಇಡುತ್ತದೆ. ಅಲ್ಲಿಂದಲೂ ಯಾರೂ ಕದಲುವುದಿಲ್ಲ. ಅಂದರೆ ನಾನು ಹೇಳಿದ 5, 4 ಇಲ್ಲಿಯೂ ಸಮತೋಲನವೇ.

ಮಾಂಜ್ರಾ ತೀರ

ಲೆಕ್ಕ ಸರಿ, ಅದೂ ನ್ಯಾಶ್ ಸಮತೋಲನವೇ. ಅದನ್ನು ಬದಿಗಿಡಲು ಬೇಕಾದ ಜರಡಿಯನ್ನು 1965ರಲ್ಲಿ ರೈನ್‌ಹಾರ್ಡ್ ಸೆಲ್ಟನ್ ಕೊಟ್ಟರು. 1994ರಲ್ಲಿ ನ್ಯಾಶ್ ಮತ್ತು ಹರ್ಸಾನಿ ಅವರೊಡನೆ ನೊಬೆಲ್ ಹಂಚಿಕೊಂಡವರು. ಅವರ ಪ್ರಶ್ನೆ ಇಷ್ಟೇ: ಆ ಹಟವನ್ನು ನಡೆಸಿಕೊಡಬೇಕಾದ ಗಳಿಗೆ ಬಂದಾಗ ಎ ನಡೆಸಿಕೊಡುತ್ತದೆಯೇ? ಬಿ ಹೆಚ್ಚು ಎಂದು ಬರೆದಾಗಿದೆ ಎಂದುಕೊಳ್ಳಿ. ಈಗ ಹಟಕ್ಕೆ ಕಟ್ಟುಬಿದ್ದರೆ ಎಗೆ 9, ಬಿಟ್ಟುಕೊಟ್ಟರೆ 12. ಎ ಬಿಟ್ಟುಕೊಡುತ್ತದೆ. ಬಿಗೆ ಇದು ಮೊದಲೇ ಗೊತ್ತು, ಹಾಗಾಗಿ ಬೆದರಿಕೆಗೆ ಸೊಪ್ಪು ಹಾಕುವುದಿಲ್ಲ.

ಶಹಾಪುರ ಓದುಗಿ

ಹಾಗಾದರೆ ಎ ಮೊದಲು ಬರೆದರೆ? ನಾನು ಮಾಡಿ ನೋಡಿದೆ. ಎ ಏನೇ ಬರೆದರೂ ಬಿ ಕಡಿಮೆ ಇಡುತ್ತದೆ, ಆದ್ದರಿಂದ ಎ 3 ಮತ್ತು 5ರಲ್ಲಿ 5ನ್ನು ಆರಿಸುತ್ತದೆ. ಮತ್ತೆ 5, 4. ಅಂದರೆ ಬಿ ಮೊದಲು ಬರೆಯುವುದು ಬಿಗೂ ಲಾಭ, ಎಗೂ ಲಾಭ. ಮೊದಲು ಯಾರು ಎಂಬುದಕ್ಕೆ ಜಗಳವೇ ಆಗುವುದಿಲ್ಲ. ಸರಿಯೇ ಮೇಡಂ?

ಮಾಂಜ್ರಾ ತೀರ

ಸರಿ. ಮೊದಲು ನಡೆದವರಿಗೆ ಯಾವಾಗಲೂ ಮೇಲುಗೈ ಎಂದು ಬರೆಯುವವರಿಗೆ ನಿಮ್ಮ ಈ ಲೆಕ್ಕವನ್ನು ತೋರಿಸಬೇಕು.

ಒಂದು ಷರತ್ತು ಮಾತ್ರ ಮರೆಯಬೇಡಿ. ಬಿ ಬರೆದ ದರವನ್ನು ಎ ಬರೆದ ಮೇಲೆ ಬದಲಾಯಿಸುವಂತಿರಬಾರದು. ಬದಲಾಯಿಸಬಹುದಾದರೆ, ಎ ಹೆಚ್ಚು ಎಂದು ಬರೆದ ಕೂಡಲೇ ಬಿ ತನ್ನ ಹಲಗೆಯನ್ನು ಒರೆಸಿ ಕಡಿಮೆ ಎಂದು ಬರೆದು 8 ಪಡೆಯುತ್ತದೆ. ಎ ಅದನ್ನು ಊಹಿಸಿ ಮೊದಲೇ ಕಡಿಮೆ ಇಡುತ್ತದೆ, ಎಲ್ಲರೂ 5, 4ಕ್ಕೆ ಮರಳುತ್ತಾರೆ. ಬಿಗೆ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳುವುದರಿಂದ ಲಾಭವಾಗುತ್ತದೆ. ಥಾಮಸ್ ಶೆಲಿಂಗ್ ಅವರ ಕೆಲಸದ ತಿರುಳೂ ಇಂಥ ಬದ್ಧತೆಯೇ, 2005ರ ನೊಬೆಲ್ ಅವರಿಗೆ ರಾಬರ್ಟ್ ಔಮನ್ ಜೊತೆ ಬಂತು.

ಗಂಜ್ ವ್ಯಾಪಾರಿ

ಹಲಗೆಯನ್ನು ಮಧ್ಯಾಹ್ನ ಒರೆಸಿದರೆ ಎಲ್ಲರಿಗೂ ಕಾಣುತ್ತದೆ, ಅದನ್ನು ಯಾರೂ ಮಾಡುವುದಿಲ್ಲ. ಆದರೆ ಹಲಗೆಯ ದರ ಹಾಗೆಯೇ ಇರುತ್ತದೆ, ಬಿಲ್ಲಿನಲ್ಲಿ ಕಡಿತ ಕೊಡುತ್ತಾರೆ. ಚೀಲಕ್ಕೆ ಇಷ್ಟು ಎಂದು, ಇಲ್ಲವೇ ಹಣ ಕೊಡಲು ಹದಿನೈದು ದಿನ ಹೆಚ್ಚು ಎಂದು. ಅದು ಆ ಕಡೆಯ ಮಿಲ್‌ಗೆ ಕೂಡಲೇ ತಿಳಿಯುವುದಿಲ್ಲ.

ಮಾಂಜ್ರಾ ತೀರ

ಹಾಗಿದ್ದರೆ ಹಲಗೆಯ ಮೇಲಿನದು ನಿಜವಾದ ದರವೇ ಅಲ್ಲ. ಮೊದಲು ಬರೆದರೂ ಅದು ಏಕಕಾಲದ ಆಟವೇ, ಏಕೆಂದರೆ ನಿಜವಾದ ಆಯ್ಕೆಯನ್ನು ಎ ನೋಡುತ್ತಿಲ್ಲ. ಯಾರು ಯಾವಾಗ ಬರೆದರು ಎಂಬುದಕ್ಕಿಂತ ಯಾರಿಗೆ ಏನು ಕಂಡಿತು ಎಂಬುದನ್ನು ಕೇಳಬೇಕು.

ಗುಂಬಜ್

ಅಲ್ಲಿಗೆ ನನ್ನ 5, 4 ಮರಳಿ ಬಂತು. ಕಡಿತ ಎಷ್ಟು ದಿನದಲ್ಲಿ ಬಯಲಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಉತ್ತರ ಇನ್ನೊಂದು ಕಡೆ ಹೋಗಬಹುದು, ಆದರೆ ಈ ಕೋಷ್ಟಕದಲ್ಲಿ ದಿನಗಳೇ ಇಲ್ಲ.

ಸೇಡಂ ರಸ್ತೆ

ಪರೀಕ್ಷೆಗೆ ಸಂಬಂಧಿಸಿದ ಒಂದು ಕೊನೆಯ ಪ್ರಶ್ನೆ. 'ಏಕಕಾಲದಲ್ಲಿ' ಎಂಬ ಪದವನ್ನು ಪ್ರಶ್ನೆಯಲ್ಲಿ ಬಿಟ್ಟಿದ್ದರೆ ಏನು ಬರೆಯಬೇಕು?

ಮಾಂಜ್ರಾ ತೀರ

ಎರಡು ಸಾಲು, ಎರಡು ಕಂಬಸಾಲಿನ ಕೋಷ್ಟಕ ಮಾತ್ರ ಕೊಟ್ಟಿದ್ದರೆ ಏಕಕಾಲದ ಆಟವೆಂದೇ ತೆಗೆದುಕೊಳ್ಳಿ. ಒಬ್ಬರು ನೋಡಿ ಆಡುವ ಆಟಕ್ಕೆ ಅಷ್ಟು ಮನೆಗಳು ಸಾಲುವುದಿಲ್ಲ. 'ಬಿ ಮೊದಲು ಘೋಷಿಸುತ್ತದೆ', 'ಎ ಗಮನಿಸಿದ ನಂತರ' ಎಂಬ ಮಾತುಗಳಿದ್ದರೆ ಗೆರೆಗಳನ್ನು ಬದಿಗಿಟ್ಟು, ಕೊನೆಯಲ್ಲಿ ನಡೆಯುವವರಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ.

ಗಂಜ್ ವ್ಯಾಪಾರಿ

ಶಹಾಪುರದ ತಂಗಿ ಹೇಳಿದ ಲೆಕ್ಕದಂತೆ ಕಡಿಮೆ ಲಾಭದ ಮಿಲ್, ಅಂದರೆ ಬಿ, ಮೊದಲು ಬರೆಯಬೇಕು. ನಮ್ಮ ಸಾಲಿನಲ್ಲಿ ನಾನು ನೋಡಿದಂತೆ ದೊಡ್ಡ ಮಿಲ್‌ನವರೇ ಯಾವಾಗಲೂ ಮೊದಲು ಬರೆಯುತ್ತಾರೆ, ಸಣ್ಣವರು ಕಾಯುತ್ತಾರೆ. ಇದಕ್ಕೆ ಏನು ಹೇಳುತ್ತೀರಿ?

ಮಾಂಜ್ರಾ ತೀರ

ಹಾಗಿದ್ದರೆ ನಿಮ್ಮ ಸಾಲಿನ ಮಿಲ್‌ಗಳ ಸಂಖ್ಯೆಗಳು ಈ ಕೋಷ್ಟಕದ ಸಂಖ್ಯೆಗಳಲ್ಲ. ಬಹುಶಃ ಅಲ್ಲಿ ಕಡಿಮೆ ದರದ ಆಸೆ ದೊಡ್ಡವರಿಗೇ ಹೆಚ್ಚಿರಬಹುದು, ಅಥವಾ ಕಚ್ಚಾ ತೊಗರಿಯ ಆವಕ ದೊಡ್ಡವರಿಗೆ ಮೊದಲು ತಿಳಿಯುವುದರಿಂದ ಸಣ್ಣವರು ಅವರ ಹಲಗೆಯಿಂದ ಸುದ್ದಿ ಓದುತ್ತಿರಬಹುದು. ಎರಡನೆಯದಾದರೆ ಅದು ಬೇರೆಯೇ ಆಟ, ಅಲ್ಲಿ ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ದೊಡ್ಡವರು ಬರೆಯದೆ ಬಾಗಿಲು ಮುಚ್ಚಿದ ದಿನ ಸಣ್ಣವರು ಯಾವ ದರ ಬರೆಯುತ್ತಾರೆ ಎಂಬುದನ್ನು ಸ್ವಲ್ಪ ಗಮನಿಸಿ ತಿಳಿಸುತ್ತೀರಾ?

ಗಂಜ್ ವ್ಯಾಪಾರಿ

ಆಗಲಿ ಮೇಡಂ, ಅಂಥ ದಿನ ಬಂದರೆ ಎರಡೂ ಹಲಗೆಗಳ ದರವನ್ನು ಇಲ್ಲಿ ಬರೆಯುತ್ತೇನೆ. ಬಿಲ್ಲಿನ ಕಡಿತ ತಿಳಿದರೆ ಅದನ್ನೂ.